ದೊಡ್ಡಪ್ಪನಿಗೆ ‘ಗುರು’ ಅಂದಾಗ

ಮಂಡ್ಯದ ಕಡೆಯ ಒಂದು ಮದುವೆ ಊಟ. ನನ್ನ ಪಕ್ಕದ ಎಲೆಯ ಕಾಲೇಜು ಹುಡುಗ ಒಬ್ಬಟ್ಟು ಬಡಿಸುತ್ತಿದ್ದ ಹಿರಿಯರಿಗೆ, ‘ಗುರು, ಸಕ್ಕತ್ತಾಗಿದೆ, ಇನ್ನೊಂದು ಹಾಕು’ ಅಂದ. ಅವರು ಕೈ ತಡೆದು, ‘ನಿಂಗೆ ನಾನ್ಯಾವಾಗಪ್ಪಾ ಪಾಠ ಹೇಳಿದ್ದು?’ ಅಂದರು. ಸಾಲಿಗೆ ಸಾಲೇ ನಕ್ಕಿತು. ಹುಡುಗ ‘ಸಕ್ಕತ್’ ಅಂದದ್ದೇ ತಪ್ಪಾಯಿತೇನೋ ಎಂದು ಪೆಚ್ಚಾದ.

‘ಸಕ್ಕತ್’ ಪಾಪ, ಏನೂ ಮಾಡಿರಲಿಲ್ಲ. ‘ಸಕ್ಕತ್ತಾಗಿದೆ ರೀ’ ಎಂದು ಅರವತ್ತು ದಾಟಿದವರೂ ಹೇಳುತ್ತಾರೆ. ಎಡವಟ್ಟಾದದ್ದು ಮಾತಿನ ಎರಡು ತುದಿಗಳಲ್ಲಿ: ಮೊದಲಿನ ‘ಗುರು’, ಕೊನೆಯ ‘ಹಾಕು’. ನಮ್ಮ ಮಾತಿನಲ್ಲಿ ಮರ್ಯಾದೆ ಬಹುಪಾಲು ಕೂತಿರುವುದು ಕರೆಯುವ ಪದದಲ್ಲಿ ಮತ್ತು ಕ್ರಿಯಾಪದದ ಬಾಲದಲ್ಲಿ. ‘ದೊಡ್ಡಪ್ಪಾ, ಸಕ್ಕತ್ತಾಗಿದೆ, ಇನ್ನೊಂದು ಹಾಕಿ’ ಅಂದಿದ್ದರೆ ಒಬ್ಬಟ್ಟು ಆಗಲೇ ಎಲೆಗೆ ಬೀಳುತ್ತಿತ್ತು.

‘ಗುರು’ವಿನ ಕಥೆಯೇ ತಮಾಷೆ. ಪಾಠ ಹೇಳಿದವರನ್ನು ‘ಗುರುಗಳೇ’ ಎನ್ನುತ್ತೇವೆ. ಆ ‘ಗಳೇ’ ಉದುರಿಹೋದರೆ ಅದೇ ಪದ ಟೀ ಅಂಗಡಿಯ ಗೆಳೆಯನ ಹೆಗಲಿಗೆ ಕೈ ಹಾಕುತ್ತದೆ. ‘ಮಚ್ಚಾ’ ತಮಿಳಿನ ಮಚ್ಚಾನ್‌ನಿಂದ, ಅಂದರೆ ಭಾವ-ಮೈದುನರ ಸಲುಗೆಯಿಂದ ಬಂದದ್ದು. ಹಿರಿಯರಿಗೆ ಹೊಂದುವಂತೆ ಅದನ್ನು ಬಗ್ಗಿಸಲು ದಾರಿಯಿಲ್ಲ. ‘ಮಗಾ, ಬನ್ನಿ’ ಎಂದು ಹೇಳಿ ನೋಡಿ, ನಾಲಗೆಯೇ ತಡವರಿಸುತ್ತದೆ. ಕರಾವಳಿಯ ‘ಮಾರಾಯ’ನ ಹಣೆಬರಹ ಚೆನ್ನಾಗಿದೆ: ಅದಕ್ಕೆ ‘ಮಾರಾಯ್ರೆ’ ಎಂಬ ಬಹುವಚನವಿದೆ. ಹಾಗಾಗಿ ಸಲುಗೆಯ ಪದವಾದರೂ ಪರಿಚಯದ ಹಿರಿಯರ ಮುಂದೆ ನಡೆಯುತ್ತದೆ.

ಹಾಗೆಂದು ಎಲ್ಲಕ್ಕೂ ‘ರೀ’ ಅಂಟಿಸಿದರೆ ಸರಿಹೋಗುವುದಿಲ್ಲ. ‘ಅಂಕಲ್, ಕಾಗೆ ಹಾರಿಸ್ಬೇಡಿ’ ಎಂಬುದರಲ್ಲಿ ಬಹುವಚನ ಸರಿಯಾಗಿಯೇ ಇದೆ. ಆದರೆ ನೀವು ಅವರನ್ನು ಸುಳ್ಳುಗಾರ ಅಂದಾಯಿತು. ‘ಬಿಲ್ಡಪ್ ಕೊಡ್ಬೇಡಿ’, ‘ಓಳು ಬಿಡ್ತೀರಾ’ ಕೂಡ ಇದೇ ಜಾತಿಯವು. ಗೆಳೆಯರಲ್ಲಿ ಇವು ಕಾಲೆಳೆಯುವ ಮಾತು, ಹಿರಿಯರಿಗೆ ಆಪಾದನೆ. ‘ಹೌದಾ ಅಂಕಲ್? ನಂಬೋಕೇ ಆಗ್ತಿಲ್ಲ’ ಅಂದರೆ ಅನುಮಾನವೂ ಹೇಳಿದಂತಾಯಿತು, ಅವರ ಮುಖವೂ ಉಳಿಯಿತು.

ಏಕವಚನವೆಲ್ಲ ಅಗೌರವವೂ ಅಲ್ಲ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ, ಅಜ್ಜಿಗೆ ‘ಬಾ, ಕೂತ್ಕೋ’ ಎನ್ನುವುದೇ ಪ್ರೀತಿ. ಅದೇ ಬಾಯಿ ರೂಢಿಯಲ್ಲಿ ಮಗಳು ಅತ್ತೆಯನ್ನು ‘ಬಾ’ ಅಂದಳೋ, ಅಡುಗೆಮನೆ ಗಪ್‌ಚುಪ್!

ಅಂದಿನ ಪಂಕ್ತಿಗೆ ಬರೋಣ. ಹುಡುಗ ಸಾವರಿಸಿಕೊಂಡು, ‘ಸಾರಿ ದೊಡ್ಡಪ್ಪಾ, ಹಾಕಿ’ ಅಂದ. ಅವರು ಎರಡು ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದು, ‘ತಗೋ ಮಗಾ’ ಎಂದು ಮುಂದಿನ ಎಲೆಗೆ ಹೋದರು. ಆ ‘ಮಗಾ’ ಯಾರ ಕಿವಿಗೂ ಒರಟಾಗಿ ಕೇಳಲಿಲ್ಲ.