ಅರ್ಧ ಪೈಸೆ ಎಲ್ಲಿ ಹೋಯಿತು?

ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯೆಯ ಎರಡು ದಿನದ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೊದಲ ದಿನ ಬೆಳಿಗ್ಗೆ 4.3 ಲೀಟರ್ ಹಾಲು ಹಾಕಿದ್ದಾರೆ, ಸಂಜೆ 3.7. ಮರುದಿನ ಬೆಳಿಗ್ಗೆ 4.5, ಸಂಜೆ 3.9. ನಾಲ್ಕೂ ಹೊತ್ತು ಫ್ಯಾಟ್ ಒಂದೇ ಬಂದು, ಲೀಟರಿಗೆ 33 ರೂಪಾಯಿ 45 ಪೈಸೆ ದರ ಬಿದ್ದಿದೆ. ಗುಣಿಸಿದರೆ ಬರುವ ಮೊತ್ತ ಕ್ರಮವಾಗಿ 143.835, 123.765, 150.525 ಮತ್ತು 130.455. ನಾಲ್ಕರಲ್ಲೂ ಕೊನೆಗೆ ಅರ್ಧ ಪೈಸೆ ಉಳಿಯುತ್ತದೆ.

ಆ ಅರ್ಧ ಪೈಸೆಯನ್ನು ಯಾರೂ ಕೈಗೆ ಕೊಡಲಾರರು. ಒಂದೋ ಮೇಲಕ್ಕೆ ಏರಿಸಬೇಕು, ಇಲ್ಲವೇ ಬಿಡಬೇಕು. ಪ್ರತಿ ಹೊತ್ತಿನ ಮೊತ್ತವನ್ನೂ ಮೇಲಕ್ಕೆ ಏರಿಸಿದರೆ 143.84, 123.77, 150.53, 130.46 ಆಗಿ ಒಟ್ಟು 548 ರೂಪಾಯಿ 60 ಪೈಸೆ. ಏನನ್ನೂ ಏರಿಸದೆ ಇದ್ದದ್ದನ್ನು ಇದ್ದಂತೆ ಕೂಡಿದರೆ 548 ರೂಪಾಯಿ 58 ಪೈಸೆ. ಎರಡೂ ಲೆಕ್ಕ ಸರಿ. ಸಂಘದ ಡೇಟಾಬೇಸ್ ಒಂದನ್ನು ಹೇಳಿ, ಬ್ಯಾಂಕಿಗೆ ಹೋಗುವ ಎಕ್ಸೆಲ್ ಹಾಳೆ ಇನ್ನೊಂದನ್ನು ಹೇಳಿದಾಗ ಮಾತ್ರ ತೊಂದರೆ ಶುರುವಾಗುತ್ತದೆ.

ಅದು ಹೇಗಾಗುತ್ತದೆ ಎಂದು ಹಂತ ಹಂತವಾಗಿ ನೋಡೋಣ. ಡೇಟಾಬೇಸಿನಿಂದ ಮೊತ್ತದ ಕಾಲಂ 143.835 ಎಂದೇ ಹೊರಬಂದು ಎಕ್ಸೆಲ್‌ಗೆ ಸೇರುತ್ತದೆ. ದುಡ್ಡಿನ ಕಾಲಂ ಅಲ್ಲವೇ ಎಂದು ಗುಮಾಸ್ತರು ಅದಕ್ಕೆ ಎರಡು ದಶಮಾಂಶದ ಫಾರ್ಮ್ಯಾಟ್ ಹಾಕುತ್ತಾರೆ. ಈಗ ಪರದೆಯ ಮೇಲೆ ಕಾಣುವುದು 143.84. ಆದರೆ ಸೆಲ್ ಒಳಗೆ ಇರುವುದು 143.835 ಆಗಿಯೇ ಇದೆ; ಫಾರ್ಮ್ಯಾಟ್ ಬದಲಿಸಿದ್ದು ತೋರಿಕೆಯನ್ನಷ್ಟೇ. ಕೆಳಗೆ `SUM` ಹಾಕಿದರೆ ಅದು ಒಳಗಿನ ಅಂಕಿಗಳನ್ನು ಕೂಡಿ 548.58 ತೋರಿಸುತ್ತದೆ. ಅದೇ ಹಾಳೆಯನ್ನು ಪ್ರಿಂಟ್ ತೆಗೆದು ಲೆಕ್ಕ ಪರಿಶೋಧಕರು ಕ್ಯಾಲ್ಕುಲೇಟರ್ ಹಿಡಿದು ಕೂಡಿದರೆ 548.60 ಬರುತ್ತದೆ. ಹಾಳೆಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಆದರೂ ಕೂಡಿದ್ದು ಹೊಂದುವುದಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಆ ಹಾಳೆಯನ್ನು CSV ಕಡತವಾಗಿ ಉಳಿಸಿದಾಗ ಎಕ್ಸೆಲ್ ಬರೆಯುವುದು ಒಳಗಿನ ಅಂಕಿಯನ್ನಲ್ಲ, ಪರದೆಯ ಮೇಲೆ ಕಂಡದ್ದನ್ನು. ಅಂದರೆ ಕಡತಕ್ಕೆ ಹೋಗುವುದು 143.84, 123.77, 150.53, 130.46, ಕೆಳಗಿನ ಒಟ್ಟು ಮಾತ್ರ 548.58. ಈ ಕಡತ ಇನ್ನೊಂದು ಡೇಟಾಬೇಸಿಗೆ ಸೇರಿ ಅಲ್ಲಿ ಮತ್ತೆ ಕೂಡಿದಾಗ 548.60 ಆಗುತ್ತದೆ. ಮೂರನೆಯ ದಶಮಾಂಶ ದಾರಿಯಲ್ಲೇ ಅಳಿಸಿಹೋಯಿತು, ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಜನರಿಗೆ ಅತಿ ಕಡಿಮೆ ಗೊತ್ತಿರುವ ಸಂಗತಿ ಇದು.

ಎರಡು ಪೈಸೆಗೆ ಇಷ್ಟೊಂದು ಮಾತೇಕೆ ಎನ್ನಬಹುದು. ಇನ್ನೂರು ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ಹದಿನೈದು ದಿನದ ಬಟವಾಡೆಗೆ 6000 ಸಾಲು. ಅದರಲ್ಲಿ ಅರ್ಧದಷ್ಟು ಸಾಲು ಹೀಗೆ ಅರ್ಧ ಪೈಸೆಯಲ್ಲಿ ನಿಂತರೆ ವ್ಯತ್ಯಾಸ 15 ರೂಪಾಯಿ. ದುಡ್ಡು ದೊಡ್ಡದಲ್ಲ. ಆದರೆ ಆ 15 ರೂಪಾಯಿ ಯಾವುದೋ ಒಂದು ಸಾಲಿನಲ್ಲಿ ಕೂತಿರುವುದಿಲ್ಲ, 3000 ಸಾಲಿನಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಹಾಗಾಗಿ ಹುಡುಕಿದರೂ ಸಿಗುವುದಿಲ್ಲ. ಕೊನೆಗೆ ಸುಸ್ತಾದ ಕಾರ್ಯದರ್ಶಿ ಯಾವುದಾದರೂ ಸಾಲಿಗೆ 15 ರೂಪಾಯಿ ಸೇರಿಸಿಯೋ ಕಳೆದೋ ಲೆಕ್ಕ ಹೊಂದಿಸುತ್ತಾರೆ. ಅಂಥ ತಿದ್ದುಪಡಿಗೆ ಒಮ್ಮೆ ದಾರಿ ಬಿಟ್ಟರೆ, ನಿಜವಾಗಿ ಹಣ ತಪ್ಪಿಹೋದ ದಿನವೂ ಅದು ಇದರ ಜೊತೆಗೇ ಮುಚ್ಚಿಹೋಗುತ್ತದೆ. ನನ್ನ ಕಾಳಜಿ ಇರುವುದು ಅಲ್ಲಿ.

ಇನ್ನೊಂದು ಕಾರಣ ಕಂಪ್ಯೂಟರಿನ ಒಳಗೇ ಇದೆ. ಎಕ್ಸೆಲ್ ಸೆಲ್ ಸಂಖ್ಯೆಯನ್ನು ದಶಮಾಂಶವಾಗಿ ಇಟ್ಟುಕೊಳ್ಳುವುದಿಲ್ಲ. ಎರಡರ ಭಾಗಗಳಾಗಿ, ಅಂದರೆ ಅರ್ಧ, ಕಾಲು, ಅರೆಕಾಲು, ಅದರರ್ಧ ಹೀಗೆ ಕೂಡಿಸಿ ಇಟ್ಟುಕೊಳ್ಳುತ್ತದೆ. ಈ ಲೆಕ್ಕದಲ್ಲಿ ರೂಪಾಯಿಯ ನೂರು ಪೈಸೆಗಳ ಪೈಕಿ ಕರಾರುವಾಕ್ಕಾಗಿ ಕೂರುವುದು ಸೊನ್ನೆ, 25, 50, 75 ಈ ನಾಲ್ಕೇ. ಉಳಿದ 96 ಮೊತ್ತಗಳೂ ತೀರ ಹತ್ತಿರದ ಅಂದಾಜು ಮಾತ್ರ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬರುವ ಮೊದಲು ನಮ್ಮಲ್ಲಿ ರೂಪಾಯಿಗೆ 16 ಆಣೆ, 64 ಪೈಸೆ ಇತ್ತು. ಹದಿನಾರೂ ಅರವತ್ನಾಲ್ಕೂ ಎರಡರ ಗುಣಾಕಾರದಿಂದ ಬಂದವು, ಆದ್ದರಿಂದ ಆ ಆಣೆ, ಪೈಸೆಗಳು ಇಂದಿನ ಕಂಪ್ಯೂಟರಿನಲ್ಲಿ ಒಂದಿಷ್ಟೂ ಹೆಚ್ಚುಕಡಿಮೆಯಾಗದೆ ಕೂರುತ್ತಿದ್ದವು.

ಈ ಅಂದಾಜು ಎಷ್ಟು ಸಣ್ಣದೆಂದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಎಕ್ಸೆಲ್ 15 ಅಂಕಿಗಳವರೆಗೆ ನಂಬಿಕಸ್ಥ. ಹತ್ತು ಲಕ್ಷ ಕೋಟಿ ರೂಪಾಯಿಗಿಂತ ಕಡಿಮೆಯ ಮೊತ್ತವನ್ನು ಪೈಸೆ ಸಮೇತ ಉಳಿಸಿಕೊಳ್ಳಬಲ್ಲದು. ಆದರೆ ಅರ್ಧ ಪೈಸೆಯ ಗಡಿಯಲ್ಲಿ ನಿಂತ ಸಂಖ್ಯೆಗೆ ಅಷ್ಟು ಸಣ್ಣ ಕೊರತೆಯೂ ದೊಡ್ಡದೇ. ಪೈಥಾನ್ ಭಾಷೆಯಲ್ಲಿ 2.675 ಎಂದು ಬರೆದರೆ ಒಳಗೆ ಕೂರುವುದು 2.67499999999999982 ಎಂದು ಶುರುವಾಗುವ ಉದ್ದದ ಸಂಖ್ಯೆ. ಅದು ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಹಾಗಾಗಿ ಕೆಳಗಿಳಿಯುತ್ತದೆ:

```python
from decimal import Decimal, ROUND_HALF_UP

round(2.675, 2)    # 2.67
Decimal("2.675").quantize(Decimal("0.01"), ROUND_HALF_UP)    # 2.68
```

ಎಕ್ಸೆಲ್‌ನಲ್ಲಿ `=ROUND(2.675,2)` ಹಾಕಿದರೆ ಮಾತ್ರ 2.68 ಬರುತ್ತದೆ. ಎಕ್ಸೆಲ್ ಒಳಗೇ ಇರುವ ಮ್ಯಾಕ್ರೋ ಭಾಷೆಯ `Round` ಇನ್ನೊಂದು ಕ್ರಮ ಹಿಡಿಯುತ್ತದೆ. ಅದು ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. ಹಾಗಾಗಿ 2.5 ಎಂಬುದು ಹಾಳೆಯಲ್ಲಿ 3, ಮ್ಯಾಕ್ರೋದಲ್ಲಿ 2. ಈ ಸಮಸಂಖ್ಯೆಯ ಕ್ರಮ ಅಸಡ್ಡೆಯಿಂದ ಬಂದದ್ದಲ್ಲ. ನಮ್ಮ ನಾಲ್ಕು ಸಾಲಿಗೇ ಅದನ್ನು ಹಾಕಿ ನೋಡಿ: 143.84, 123.76, 150.52, 130.46. ಕೂಡಿದರೆ 548.58, ಏನನ್ನೂ ಏರಿಸದೆ ಕೂಡಿದಾಗ ಬಂದದ್ದೇ. ಎರಡು ಸಾಲು ಏರಿ, ಎರಡು ಸಾಲು ಇಳಿದು ಒಟ್ಟು ಮೊತ್ತ ಒಂದೇ ಕಡೆಗೆ ವಾಲದಂತೆ ಅದು ನೋಡಿಕೊಂಡಿದೆ. ಆದರೆ ಯಾವ ಕ್ರಮ ಬಳಸಬೇಕು ಎಂಬುದನ್ನು ಸಾಫ್ಟ್‌ವೇರ್ ತೀರ್ಮಾನಿಸುವಂತಿಲ್ಲ. ಜಿಎಸ್‌ಟಿ ಕಾಯ್ದೆಯನ್ನೇ ನೋಡಿ: ಅದರ 170ನೇ ಸೆಕ್ಷನ್ ತೆರಿಗೆ ಮೊತ್ತವನ್ನು ಹತ್ತಿರದ ರೂಪಾಯಿಗೆ ತರಬೇಕು, 50 ಪೈಸೆ ಅಥವಾ ಹೆಚ್ಚಿದ್ದರೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು ಎಂದು ಬರೆದೇ ಇಟ್ಟಿದೆ. ಹಾಲಿನ ಲೆಕ್ಕಕ್ಕೂ ಹಾಗೆ ಬರೆದಿಟ್ಟ ಒಂದು ನಿಯಮ ಬೇಕು.

ಡೇಟಾಬೇಸಿನ ಕಡೆಯ ಎಚ್ಚರಿಕೆ ಕಾಲಂ ಬಗೆಯನ್ನು ಆರಿಸುವಲ್ಲಿದೆ. ದುಡ್ಡಿಗೆ `DECIMAL` ಅಥವಾ `NUMERIC` ಬೇಕು. ಇವು ದಶಮಾಂಶವನ್ನು ದಶಮಾಂಶವಾಗಿಯೇ ಇಡುತ್ತವೆ. ನಾಲ್ಕು ಬೈಟಿನ ಫ್ಲೋಟ್ ಕಾಲಂನಲ್ಲಿ ದುಡ್ಡು ಇಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮೊತ್ತ 1,31,072 ರೂಪಾಯಿ ದಾಟಿತೆಂದರೆ ಅದರ ಅಳತೆಯ ಗೆರೆಗಳ ನಡುವಿನ ಅಂತರವೇ ಒಂದೂವರೆ ಪೈಸೆಗಿಂತ ಹೆಚ್ಚು. 1,50,000.09 ಮತ್ತು 1,50,000.10 ಎಂಬ ಎರಡು ಬೇರೆ ಬೇರೆ ಮೊತ್ತಗಳು ಅಲ್ಲಿ 150000.09375 ಎಂಬ ಒಂದೇ ಸಂಖ್ಯೆಯಾಗಿ ಕೂರುತ್ತವೆ. ಹಾಗೆ ಕಳೆದ ಪೈಸೆಯನ್ನು ಮುಂದೆ ಯಾವ ಜಾಣ ಸೂತ್ರವೂ ವಾಪಸು ತರಲಾರದು.

ಕಾಲಂ ಸರಿಯಿದ್ದರೂ ದಾರಿಯಲ್ಲಿ ಬಗೆ ಬದಲಾಗುವುದುಂಟು. ಡೇಟಾಬೇಸಿನಿಂದ ಎಕ್ಸೆಲ್‌ಗೆ ಸಾಗಿಸಲು ಬಹಳ ಮಂದಿ ಬಳಸುವ pandas ಎಂಬ ಪೈಥಾನ್ ಸಲಕರಣೆಯ `read_sql`, ಬೇಡ ಎನ್ನದಿದ್ದರೆ `DECIMAL` ಅಂಕಿಗಳನ್ನು ಫ್ಲೋಟ್ ಆಗಿ ಮಾಡಿಬಿಡುತ್ತದೆ. `coerce_float=False` ಎಂದು ಬರೆದರೆ ನಿಲ್ಲುತ್ತದೆ. ಅತ್ತ ಕಡತ ಸೇರುವಲ್ಲಿ, ಎರಡು ದಶಮಾಂಶದ ಕಾಲಂಗೆ 143.835 ಬಂದರೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಅದನ್ನು ತಡೆಯುವುದಿಲ್ಲ, ತಾನೇ 143.84 ಮಾಡಿ ಸೇರಿಸಿಕೊಳ್ಳುತ್ತದೆ. ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮಗಳಿಗೂ ಇಲ್ಲಿ ಅಪಾಯವಿದೆ. `1,50,000.10` ಎಂದು ಅಲ್ಪವಿರಾಮ ಸಮೇತ ಬಂದ ಮೊತ್ತವನ್ನು ಸಡಿಲ ಕ್ರಮದಲ್ಲಿರುವ ಮೈಎಸ್‌ಕ್ಯುಎಲ್ ಬರೀ 1 ಎಂದು ಓದುತ್ತದೆ. ಬಿಗಿ ಕ್ರಮದಲ್ಲಿದ್ದರೆ ದೋಷ ತೋರಿಸಿ ನಿಲ್ಲಿಸುತ್ತದೆ, ಅದೇ ಒಳ್ಳೆಯದು.

ಹಾಗಾದರೆ ಸರಿಯಾದ ಕ್ರಮ ಯಾವುದು? ರೌಂಡ್ ಆಫ್ ಒಂದೇ ಜಾಗದಲ್ಲಿ, ಒಂದೇ ಸಲ ಆಗಬೇಕು. ಹಾಲು ಅಳೆದ ಹೊತ್ತಿಗೇ, ಸದಸ್ಯರ ಕೈಗೆ ಚೀಟಿ ಹೋಗುವ ಮೊದಲೇ ಡೇಟಾಬೇಸಿನಲ್ಲಿ ಅದು ಮುಗಿಯಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಚೀಟಿಯಲ್ಲಿ ಕಂಡದ್ದೇ ಸದಸ್ಯರ ಲೆಕ್ಕ. ದರ ಮತ್ತು ಲೀಟರ್ ಇದ್ದಷ್ಟೂ ದಶಮಾಂಶಗಳೊಂದಿಗೆ ಬೇರೆ ಕಾಲಂಗಳಲ್ಲಿ ಇರಲಿ. ಕೊಡಬೇಕಾದ ಮೊತ್ತ ಮಾತ್ರ `DECIMAL(12,2)` ಕಾಲಂನಲ್ಲಿ 143.84 ಎಂದು ಬರೆದಾಗಲಿ. ಆಮೇಲೆ ಎಕ್ಸೆಲ್‌ಗೆ ಹೋಗುವುದು ಆ 143.84. ಹಾಳೆಯಲ್ಲಿ ಯಾರೂ ಲೀಟರನ್ನು ದರದಿಂದ ಮತ್ತೆ ಗುಣಿಸಬಾರದು. ಹಾಲು ಒಕ್ಕೂಟ ಒಟ್ಟು ಲೀಟರಿನ ಮೇಲೆ ಲೆಕ್ಕ ಹಾಕಿ 548.58 ಕೊಟ್ಟರೆ, ಉಳಿದ ಎರಡು ಪೈಸೆಯನ್ನು ರೌಂಡ್ ಆಫ್ ಎಂಬ ಪ್ರತ್ಯೇಕ ಖಾತೆಗೆ ಹಾಕಿ ಎಲ್ಲರಿಗೂ ಕಾಣುವಂತೆ ಇಡಬೇಕು.

ಬಂದಿರುವ ಹಾಳೆಯಲ್ಲಿ ಮರೆಯಾದ ದಶಮಾಂಶಗಳಿವೆಯೇ ಎಂದು ತಿಳಿಯಲು ಒಂದು ಸೂತ್ರ ಸಾಕು. ಮೊತ್ತದ ಕಾಲಂ E ಆಗಿದ್ದರೆ:

```
=SUMPRODUCT(--(ABS(E2:E6001-ROUND(E2:E6001,2))>0.00001))
```

ಇದಕ್ಕೆ ಸೊನ್ನೆ ಬಂದರೆ ಕಂಡದ್ದೇ ಒಳಗಿದೆ ಎಂದರ್ಥ. ಬೇರೆ ಸಂಖ್ಯೆ ಬಂದರೆ ಅಷ್ಟು ಸಾಲುಗಳಲ್ಲಿ ಅರ್ಧ ಪೈಸೆಗಳು ಅಡಗಿವೆ; ಆ ಹಾಳೆಯನ್ನು CSV ಮಾಡಿ ಎಲ್ಲಿಗೂ ಕಳಿಸಬೇಡಿ. ಇದರ ಜೊತೆಗೆ ಡೇಟಾಬೇಸಿನಲ್ಲೇ ತೆಗೆದ ಸಾಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತವನ್ನು ಕಡತದ ಜೊತೆ ಬೇರೆಯಾಗಿ ಕಳಿಸಿ, ತಲುಪಿದ ಕಡೆ ಎರಡನ್ನೂ ಪೈಸೆಗೆ ಪೈಸೆ ಹೊಂದಿಸಿ ನೋಡಬೇಕು. ಎಕ್ಸೆಲ್ ಸೆಟ್ಟಿಂಗಿನಲ್ಲಿ ಕಾಣುವಷ್ಟೇ ನಿಖರತೆ ಇರಲಿ ಎನ್ನುವ `Set precision as displayed` ಆಯ್ಕೆಯೊಂದಿದೆ. ಅದನ್ನು ಮುಟ್ಟದಿರುವುದು ಲೇಸು: ಅದು ಮೊತ್ತದ ಕಾಲಂ ಮಾತ್ರವಲ್ಲ, ಆ ಕಡತದಲ್ಲಿ ಬರೆದಿಟ್ಟ ದರದ ದಶಮಾಂಶಗಳನ್ನೂ ಕಾಣುವಷ್ಟಕ್ಕೆ ಕತ್ತರಿಸುತ್ತದೆ, ಮತ್ತೆ ಸಿಗುವುದಿಲ್ಲ.

ಸಂಘಗಳ ಕಾರ್ಯದರ್ಶಿಗಳಲ್ಲಿ ಮತ್ತು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟು. ಸಾಫ್ಟ್‌ವೇರ್ ಕೊಳ್ಳುವ ಮೊದಲು, ಅರ್ಧ ಪೈಸೆ ಏರಬೇಕೋ ಸಮಸಂಖ್ಯೆಗೆ ಹೋಗಬೇಕೋ, ಪ್ರತಿ ಹೊತ್ತಿಗೋ ಹದಿನೈದು ದಿನಕ್ಕೊಮ್ಮೆಯೋ ಎಂದು ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅದರ ಒಂದು ಪ್ರತಿಯನ್ನು ಸಾಫ್ಟ್‌ವೇರ್ ಮಾಡುವವರಿಗೆ, ಇನ್ನೊಂದನ್ನು ಲೆಕ್ಕ ಪರಿಶೋಧಕರಿಗೆ ಕೊಡಿ.