ಮೊದಲು ಬಿನ್ನಹ, ಆಮೇಲೆ ವಿವರ

ಹಿರಿಯ ಅಧಿಕಾರಿಗೆ ಇ-ಮೇಲ್ ಬರೆಯುವ ಕಿರಿಯರು ಸಾಮಾನ್ಯವಾಗಿ ನಡೆದುದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತಾರೆ. ಕೇಳಬೇಕಾದುದು ಕೊನೆಯ ಸಾಲಿಗೆ ಬೀಳುತ್ತದೆ. ಅಷ್ಟರಲ್ಲಿ ಅಧಿಕಾರಿಯ ಕಣ್ಣು ಮುಂದಿನ ಪತ್ರಕ್ಕೆ ಹೋಗಿರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ತರುಣ ವಿಶ್ಲೇಷಕನೊಬ್ಬ ತ್ರೈಮಾಸಿಕ ಮಾರಾಟದ ವರದಿಯನ್ನು ಶುಕ್ರವಾರ ಒಪ್ಪಿಸಬೇಕು. ಎರಡು ಶಾಖೆಗಳ ಅಂಕಿಗಳು ಎರಡು ಸಲ ಸೇರಿರುವುದು ಸೋಮವಾರ ಅವನಿಗೆ ತಿಳಿಯಿತು. ಅವನು ಬರೆದ ಪತ್ರ 30 ಸಾಲು: ಯಾವ ದಿನ ಯಾವ ಕಡತ ತೆರೆದುದು, ಯಾರನ್ನು ಕೇಳಿದುದು, ನಾಲ್ಕು ಬಾರಿ ಕ್ಷಮಾಪಣೆ, ಕಟ್ಟಕಡೆಗೆ ‘ಸಾಧ್ಯವಾದರೆ ಸ್ವಲ್ಪ ಕಾಲಾವಕಾಶ’. ಎಂದಿನವರೆಗೆ ಎಂಬುದೇ ಇಲ್ಲ!

ತಿದ್ದಿದ ಪತ್ರ ಹೀಗಿರಬಹುದು:

ವಿಷಯ: ಮಾರಾಟ ವರದಿ – ಮಂಗಳವಾರದವರೆಗೆ ಅವಕಾಶ ಕೋರಿಕೆ

‘ಮಾನ್ಯರೆ, ವರದಿಯನ್ನು ಈ ಶುಕ್ರವಾರದ ಬದಲು ಮುಂದಿನ ಮಂಗಳವಾರ ಒಪ್ಪಿಸಲು ತಮ್ಮ ಅನುಮತಿ ಬೇಡುತ್ತೇನೆ. ಎರಡು ಶಾಖೆಗಳ ಮಾರಾಟ ಎರಡು ಸಲ ಲೆಕ್ಕಕ್ಕೆ ಸೇರಿ, ಮೊತ್ತ ಶೇಕಡ 6ರಷ್ಟು ಹೆಚ್ಚಾಗಿ ಕಾಣುತ್ತಿದೆ. ಶುಕ್ರವಾರವೇ ಬೇಕಾದಲ್ಲಿ, ಆ ಶಾಖೆಗಳನ್ನು ಬಿಟ್ಟು ಉಳಿದುದನ್ನು ಕೊಡಬಲ್ಲೆ. ಬುಧವಾರ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ. ವಿವರಗಳನ್ನು ಲಗತ್ತಿಸಿದ್ದೇನೆ.’

ಇಲ್ಲಿ ಗೌರವವಿರುವುದು ಕ್ಷಮಾಪಣೆಯ ಸಂಖ್ಯೆಯಲ್ಲಲ್ಲ; ಎರಡು ದಾರಿಗಳನ್ನು ತೋರಿಸಿ ತೀರ್ಮಾನವನ್ನು ಹಿರಿಯರಿಗೇ ಬಿಟ್ಟುದರಲ್ಲಿ. ಆದರೆ ಸಂಕ್ಷೇಪದ ಹಟಕ್ಕೆ ಕಾರಣವನ್ನೂ ಕತ್ತರಿಸಿದರೆ, ಬಿನ್ನಹವು ಆಜ್ಞೆಯಂತೆ ಕೇಳಿಸೀತು. ಕಳುಹಿಸುವ ಮುನ್ನ ಮೊದಲ ಎರಡು ವಾಕ್ಯಗಳನ್ನು ಮಾತ್ರ ಓದಿ ನೋಡಿ. ಅಷ್ಟರಿಂದಲೇ ‘ಆಗಲಿ’ ಎಂದೋ ‘ಬೇಡ’ ಎಂದೋ ಉತ್ತರಿಸಲು ಬರುವಂತಿದ್ದರೆ ಪತ್ರ ಸಿದ್ಧವಾಯಿತೆಂದು ತಿಳಿಯಬಹುದು.