ಮುಖ ಜಿಗಿಯದಂತೆ ಮಾತು ಜೋಡಿಸುವ ಬಗೆ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ ರೇಷ್ಮೆ ಬೆಳೆಗಾರರೊಬ್ಬರನ್ನು ಹುಳು ಮನೆಯ ಮುಂದೆ ಕೂರಿಸಿ ಸಂದರ್ಶನ ಚಿತ್ರೀಕರಿಸಿದ್ದೀರಿ ಎಂದಿಟ್ಟುಕೊಳ್ಳಿ. ಬೆಲೆ ಕುಸಿತದ ಬಗ್ಗೆ ಅವರು ಮೂರು ನಿಮಿಷ ಮಾತನಾಡಿದ್ದಾರೆ. ನಡುವೆ ಮಗಳ ಮದುವೆಯ ಪ್ರಸ್ತಾಪ ಬಂದಿದೆ, ಯಾರೋ ಕರೆದದ್ದಕ್ಕೆ ಓಗೊಟ್ಟದ್ದೂ ಇದೆ. ನಿಮ್ಮ ಸಾಕ್ಷ್ಯಚಿತ್ರಕ್ಕೆ ಬೇಕಾಗಿರುವುದು ನಲವತ್ತು ಸೆಕೆಂಡು ಮಾತ್ರ.

ಬೇಡವಾದದ್ದನ್ನು ಕತ್ತರಿಸಿ ಉಳಿದದ್ದನ್ನು ಅಂಟಿಸಿದೊಡನೆ ತೊಂದರೆ ಎದುರಾಗುತ್ತದೆ. ಎಡಕ್ಕೆ ವಾಲಿದ್ದ ತಲೆ ಕ್ಷಣಾರ್ಧದಲ್ಲಿ ಬಲಕ್ಕೆ ನೆಗೆಯುತ್ತದೆ. ಹೆಗಲ ಮೇಲಿದ್ದ ಟವೆಲ್ಲು ಮಡಿಲಿಗೆ ಬಂದಿರುತ್ತದೆ. ಇದೇ ಜಂಪ್ ಕಟ್. ಕ್ಯಾಮೆರಾದ ಕೋನವೂ ಚೌಕಟ್ಟಿನ ಅಳತೆಯೂ ಬದಲಾಗದೆ ವ್ಯಕ್ತಿ ಮಾತ್ರ ಅಲುಗಿದಾಗ, ನೋಡುಗನ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ. ಎರಡು ತುಣುಕುಗಳ ನಡುವೆ ಡಿಸಾಲ್ವ್ ಹಾಕಿ ಪಾರಾಗುವವರಿದ್ದಾರೆ. ಆಗ ಒಂದು ಮುಖದೊಳಗಿಂದ ಇನ್ನೊಂದು ಮುಖ ಭೂತದಂತೆ ಮೂಡುತ್ತದೆ, ಅಷ್ಟೆ.

ಅನುಭವಿ ಸಂಕಲನಕಾರರು ಚಿತ್ರಕ್ಕೆ ಮುನ್ನ ಧ್ವನಿಯನ್ನು ಸರಿಪಡಿಸುತ್ತಾರೆ. ಕಣ್ಣು ಮುಚ್ಚಿ ಕೇಳಿದಾಗ ಮಾತು ಒಂದೇ ಓಘದಲ್ಲಿ ಹರಿಯಬೇಕು. ಕತ್ತರಿಯನ್ನು ಪದದ ನಡುವೆ ಆಡಿಸದೆ, ಉಸಿರೆಳೆದುಕೊಳ್ಳುವ ಜಾಗದಲ್ಲಿ ಆಡಿಸಬೇಕು. ವಾಕ್ಯದ ಕೊನೆಯಲ್ಲಿ ದನಿ ಇಳಿಯುತ್ತದೆ. ಏರುದನಿಯಲ್ಲಿ ತುಂಡಾದ ವಾಕ್ಯಕ್ಕೆ ಪೂರ್ಣವಿರಾಮ ಹಾಕಿದರೆ ಕಿವಿ ಒಪ್ಪುವುದಿಲ್ಲ. ಸಂದರ್ಶನ ಮುಗಿದ ಮೇಲೆ ಎಲ್ಲರೂ ಮೌನವಾಗಿದ್ದು ಅದೇ ಮೈಕಿನಲ್ಲಿ ಅರ್ಧ ನಿಮಿಷ ಆ ಜಾಗದ ಸದ್ದನ್ನು ಧ್ವನಿಮುದ್ರಿಸಿಕೊಂಡಿದ್ದರೆ, ಅದನ್ನು ಜೋಡಣೆಗಳ ಕೆಳಗೆ ಹಾಸಬಹುದು. ಈ ಹಿನ್ನೆಲೆ ಸದ್ದು ಇಲ್ಲದೆಡೆ ಕತ್ತರಿಸಿದ ಗುರುತು ಕಿವಿಗೆ ಬಡಿಯುತ್ತದೆ.

ಬಳಿಕ ಬರುವುದು ಕಟ್‌ಅವೇ, ಅಂದರೆ ಮುಖವನ್ನು ಬಿಟ್ಟು ಬೇರೆಡೆ ಹೊರಳುವ ದೃಶ್ಯ. ಸೊಪ್ಪು ಹಾಕುವ ಕೈ, ಎಲೆಯ ಅಂಚನ್ನು ಕೊರೆಯುವ ಹುಳು, ಗೋಡೆಗೆ ಒರಗಿಸಿದ ಚಂದ್ರಿಕೆ, ಹಿಪ್ಪುನೇರಳೆ ತೋಟ. ಪ್ರತಿಯೊಂದನ್ನೂ ಕ್ಯಾಮೆರಾ ಅಲುಗಿಸದೆ ಕನಿಷ್ಠ ಹತ್ತು ಸೆಕೆಂಡು, ದೂರದಿಂದಲೂ ಸಮೀಪದಿಂದಲೂ ಚಿತ್ರಿಸಿಕೊಂಡಿರಬೇಕು. ಹೊರಗಿನವರ ಕಾಲಿನೊಂದಿಗೆ ಹುಳು ಮನೆಗೆ ರೋಗ ನುಗ್ಗುವ ಭಯವಿರುವುದರಿಂದ, ಬಾಗಿಲಲ್ಲಿ ಸೋಂಕು ನಿವಾರಣೆ ಮಾಡಿಕೊಂಡೇ ಒಳಹೋಗಬೇಕು. ಮರೆತ ಒಂದು ದೃಶ್ಯಕ್ಕಾಗಿ ಮತ್ತೆ ಮತ್ತೆ ಬಾಗಿಲು ತೆಗೆಸುವುದು ರೈತರಿಗೆ ಹಿಡಿಸದು. ಯಾವ ಮಾತಿಗೆ ಯಾವ ದೃಶ್ಯ ಎಂಬುದನ್ನು ಸಂದರ್ಶನದ ವೇಳೆಯಲ್ಲೇ ಗುರುತು ಹಾಕಿಕೊಳ್ಳುವುದು ಲೇಸು.

ಹೊಸಬರು ಎಡವುವುದು ಇಲ್ಲಿಯೇ. ಧ್ವನಿ ಕತ್ತರಿಸಿದ ಬಿಂದುವಿನಲ್ಲೇ ಕಟ್‌ಅವೇ ಆರಂಭಿಸಿದರೆ, ಏನನ್ನೋ ಮುಚ್ಚಲಾಗುತ್ತಿದೆ ಎಂಬುದು ಬಯಲಾಗುತ್ತದೆ. ರೈತರು "ಸೊಪ್ಪು" ಎಂದಾಗಲೇ ತೋಟಕ್ಕೆ ಹೊರಳಿ. ಒಂದೆರಡು ಸೆಕೆಂಡಿನ ನಂತರ ಧ್ವನಿಯ ಜೋಡಣೆ ಸದ್ದಿಲ್ಲದೆ ದಾಟಿಹೋಗಲಿ. ಹೊಸ ವಾಕ್ಯ ನೆಲೆಗೊಂಡ ಮೇಲೆ ಮುಖಕ್ಕೆ ಮರಳಿ. ಒಟ್ಟು ನಾಲ್ಕೈದು ಸೆಕೆಂಡು ಸಾಕು. ಅಂತಿಮ ಹಂತದ ಹುಳುಗಳು ಸೊಪ್ಪು ಮೇಯುವಾಗ ಮಳೆ ಹನಿದಂತಹ ಸದ್ದು ಕೇಳುತ್ತದೆ. ಅದನ್ನು ಮೆಲ್ಲಗೆ ಬೆರೆಸಿದರೆ ಹೊರಳುವಿಕೆಗೆ ಕಾರಣವೂ ಸಿಕ್ಕಂತಾಗುತ್ತದೆ.

ಕಟ್‌ಅವೇ ಇಲ್ಲವಾದಲ್ಲಿ? 4ಕೆ ಅಳತೆಯಲ್ಲಿ ಚಿತ್ರಿಸಿ ಎಚ್‌ಡಿ ಅಳತೆಯಲ್ಲಿ ಪ್ರಸಾರ ಮಾಡುವುದಾದರೆ, ಎರಡನೆಯ ತುಣುಕನ್ನು ಮೂರನೇ ಒಂದು ಭಾಗದಷ್ಟು ಹಿಗ್ಗಿಸಿ ಸಮೀಪದ ಚಿತ್ರದಂತೆ ತೋರಿಸಬಹುದು. ಶೇ. 5ರಷ್ಟು ಮಾತ್ರ ಹಿಗ್ಗಿಸಿದರೆ ಅದು ತಪ್ಪಿನಂತೆಯೇ ಕಾಣುತ್ತದೆ. ಸಂದರ್ಶಕ ತಲೆಯಾಡಿಸುವ ದೃಶ್ಯವನ್ನು ಆಮೇಲೆ ಚಿತ್ರಿಸಿ ಸೇರಿಸುವುದು ಟಿವಿ ಸುದ್ದಿಯ ಹಳೆಯ ರೂಢಿ. ಅದು ನಟನೆಯೇ ಎಂಬ ಕಾರಣಕ್ಕೆ 2007ರಲ್ಲಿ ಬ್ರಿಟನ್ನಿನ ಫೈವ್ ನ್ಯೂಸ್ ಅದನ್ನು ಕೈಬಿಟ್ಟಿತು.

ಮುಚ್ಚಿದ ಕತ್ತರಿಗೆ ಇನ್ನೊಂದು ಅಪಾಯವಿದೆ. ನಮ್ಮ ರೈತರು ಹೇಳಿದ್ದು ಹೀಗೆ: "ಮಳೆಗಾಲದಲ್ಲಿ ಗೂಡು ತೇವ ಹಿಡಿಯುತ್ತೆ ಸಾರ್, ನೂಲು ಸಲೀಸಾಗಿ ಬಿಚ್ಚಲ್ಲ. ಆಗ ರೀಲರುಗಳು ಕಮ್ಮಿ ರೇಟು ಕೂಗ್ತಾರೆ." ಸಮಯ ಉಳಿಸಲು ಮೊದಲ ವಾಕ್ಯವನ್ನೂ "ಆಗ" ಎಂಬ ಪದವನ್ನೂ ತೆಗೆದು ಮೇಲೆ ಚಂದ್ರಿಕೆಯ ದೃಶ್ಯ ಹೊದಿಸಿದರೆ, "ರೀಲರುಗಳು ಕಮ್ಮಿ ರೇಟು ಕೂಗ್ತಾರೆ" ಎಂಬುದಷ್ಟೇ ಉಳಿಯುತ್ತದೆ. ತೇವದಿಂದ ಕೆಟ್ಟ ಗೂಡಿನ ಮಾತು ನೂಲು ಬಿಚ್ಚಾಣಿಕೆದಾರರ ಮೇಲಿನ ಆರೋಪವಾಗುತ್ತದೆ. ನಾಳೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅದೇ ಬಿಚ್ಚಾಣಿಕೆದಾರರ ಎದುರು ಗೂಡು ಹಿಡಿದು ನಿಲ್ಲಬೇಕಾದವರು ಆ ರೈತರು, ಸಂಕಲನಕಾರರಲ್ಲ. ಜಂಪ್ ಕಟ್ ಇದ್ದಿದ್ದರೆ ಮಾತು ಕತ್ತರಿಸಿದೆ ಎಂಬುದಾದರೂ ನೋಡುಗನಿಗೆ ತಿಳಿಯುತ್ತಿತ್ತು.

ದೃಶ್ಯಗಳ ಆಯ್ಕೆಗೂ ಇದೇ ಎಚ್ಚರ ಬೇಕು. ಹುಳುವಿನ ಬಾಳು ಸುಮಾರು ನಾಲ್ಕು ವಾರ. ಒಂದು ದಿನದ ಚಿತ್ರೀಕರಣದಲ್ಲಿ ಒಂದು ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಹಂತ ಸಿಗುತ್ತದೆ. ಗೂಡು ಕಟ್ಟುವ ದೃಶ್ಯಕ್ಕೆ ಪಕ್ಕದ ಮನೆಗೆ ಹೋದರೆ ತಪ್ಪಿಲ್ಲ. ಆದರೆ ರೈತರು "ನನ್ನ ಹುಳು ರೋಗ ಬಂದು ಸತ್ತವು" ಎನ್ನುವಾಗ ನೆರೆಯವರ ಚಂದ್ರಿಕೆ ತೋರಿಸಬಾರದು.

ಜೋಡಣೆ ಮುಗಿದ ಮೇಲೆ ಕಟ್‌ಅವೇಗಳನ್ನೆಲ್ಲ ಒಮ್ಮೆ ಮರೆಮಾಡಿ, ಮುಖ ಜಿಗಿಯುವ ಜಾಗಗಳಲ್ಲಿ ಏನೇನು ತೆಗೆದಿದ್ದೀರಿ ಎಂಬುದನ್ನು ಮೂಲ ಸಂದರ್ಶನದೊಂದಿಗೆ ಹೋಲಿಸಿ ಕೇಳಿ. ನಂತರವೇ ಮುಚ್ಚಿ.